ಫಲಕಕ್ಕೂ ಕಟ್ಟಡಕ್ಕೂ ಬ್ರಷ್ ಬೇಡ, ಪೆನ್ ಸಾಕು

ವಾರ್ಷಿಕ ಸಂಚಿಕೆಯ ಕೆಲಸ ಶುರುವಾದರೆ ಸಂಪಾದಕ ಮಂಡಳಿಯಲ್ಲಿ ಒಂದು ವಾದ ತಪ್ಪುವುದಿಲ್ಲ. ಫೋಟೋದಲ್ಲಿರುವ ಕಟ್ಟಡವನ್ನೋ ನಾಮಫಲಕವನ್ನೋ ಹಿನ್ನೆಲೆಯಿಂದ ಬೇರ್ಪಡಿಸಿ ಮುಖಪುಟಕ್ಕೆ ಹಾಕಬೇಕು. ಅದನ್ನು ಕ್ವಿಕ್ ಸೆಲೆಕ್ಷನ್‌ನಿಂದ ಆರಿಸಿ ಬ್ರಷ್‌ನಿಂದ ತಿದ್ದಿದರೆ ಸಾಕು ಎನ್ನುವವರು ಹೆಚ್ಚು. ನಾನು ಆ ಗುಂಪಿನವನಲ್ಲ. ಗಟ್ಟಿ ಅಂಚಿರುವ ವಸ್ತು ಯಾವುದೇ ಇರಲಿ, ಅದಕ್ಕೆ ಪೆನ್ ಟೂಲ್‌ನಿಂದ ಎಳೆದ ವೆಕ್ಟರ್ ಮಾಸ್ಕನ್ನೇ ಬಳಸಬೇಕು, ಮತ್ತು ಇದನ್ನು ನಮ್ಮ ಮಂಡಳಿ ಒಂದು ನಿಯಮವಾಗಿಯೇ ಇಟ್ಟುಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ಏಕೆಂದು ಹೇಳುತ್ತೇನೆ.

ಮಾಸ್ಕ್ ಎಂದರೆ ಚಿತ್ರದ ಮೇಲೆ ಹಾಕುವ ಒಂದು ಪರದೆ. ಅದು ಚಿತ್ರವನ್ನು ಅಳಿಸುವುದಿಲ್ಲ, ಬೇಡದ ಭಾಗವನ್ನು ಮರೆ ಮಾಡುತ್ತದೆ ಅಷ್ಟೆ. ಫೋಟೋಶಾಪ್‌ನಲ್ಲಿ ಈ ಪರದೆ ಎರಡು ಬಗೆಯದು. ಪಿಕ್ಸೆಲ್ ಮಾಸ್ಕ್ ಗ್ರಾಫ್ ಹಾಳೆಯಂತೆ. ಪ್ರತಿ ಚೌಕಕ್ಕೂ ಕಪ್ಪಿನಿಂದ ಬಿಳಿಯವರೆಗೆ ಒಂದು ಛಾಯೆ ಇರುತ್ತದೆ. ಸಾಮಾನ್ಯ 8 ಬಿಟ್ ಚಿತ್ರದಲ್ಲಿ ಈ ಛಾಯೆಗಳು 256. ಬಿಳಿ ಇದ್ದಲ್ಲಿ ಚಿತ್ರ ಕಾಣುತ್ತದೆ, ಕಪ್ಪು ಇದ್ದಲ್ಲಿ ಮರೆಯಾಗುತ್ತದೆ, ಬೂದು ಇದ್ದಲ್ಲಿ ಅರೆಬರೆ ಕಾಣುತ್ತದೆ. ವೆಕ್ಟರ್ ಮಾಸ್ಕ್‌ನಲ್ಲಿ ಚೌಕಗಳಿಲ್ಲ. ಅಲ್ಲಿರುವುದು ಬಿಂದುಗಳು ಮತ್ತು ಅವುಗಳನ್ನು ಸೇರಿಸುವ ರೇಖೆಗಳು. ಗಣಿತದ ತರಗತಿಯಲ್ಲಿ ಎರಡು ಬಿಂದು ಕೊಟ್ಟರೆ ನಾವು ಸರಳರೇಖೆಯ ಸಮೀಕರಣ ಬರೆಯುತ್ತೇವಲ್ಲ, ಅದೇ ಲೆಕ್ಕ. ರೇಖೆ ಎಷ್ಟು ಉದ್ದವಾದರೂ ಅದನ್ನು ಹಿಡಿದಿಡುವುದು ಆ ಎರಡು ಬಿಂದುಗಳೇ.

ನಾಮಫಲಕವನ್ನೇ ತೆಗೆದುಕೊಳ್ಳಿ. ಕೆಳಗೆ ನಿಂತು ಮೊಬೈಲ್‌ನಲ್ಲಿ ಫೋಟೋ ತೆಗೆದರೆ ಫಲಕ ಸ್ವಲ್ಪ ವಾಲಿಕೊಂಡ ಚತುರ್ಭುಜವಾಗಿ ಕಾಣುತ್ತದೆ. ವೆಕ್ಟರ್ ಮಾಸ್ಕ್‌ಗೆ ನಾಲ್ಕು ಮೂಲೆಗಳಲ್ಲಿ ನಾಲ್ಕು ಕ್ಲಿಕ್ ಸಾಕು. ಕ್ವಿಕ್ ಸೆಲೆಕ್ಷನ್ ಬಣ್ಣ ಮತ್ತು ಮೇಲ್ಮೈಯ ವ್ಯತ್ಯಾಸ ನೋಡಿ ಅಂಚನ್ನು ಊಹಿಸುತ್ತದೆ. ಹಸಿರು ಫಲಕದ ಹಿಂದೆ ಹಸಿರು ಮರವಿದ್ದರೆ, ಅಥವಾ ಫಲಕದ ಒಂದು ಮೂಲೆ ನೆರಳಿನಲ್ಲಿದ್ದರೆ, ಅದು ದಾರಿ ತಪ್ಪುತ್ತದೆ. ಆಗ ನೇರವಾಗಿರಬೇಕಾದ ಅಂಚು ಇಲಿ ಕಚ್ಚಿದ ರೊಟ್ಟಿಯಂತಾಗುತ್ತದೆ. ಕನ್ನಡದ ಸಾಲು ಫಲಕದ ಕೆಳ ಅಂಚಿಗೆ ಹತ್ತಿರವಿದ್ದರೆ ಮೊದಲು ಪೆಟ್ಟು ಬೀಳುವುದು ಒತ್ತಕ್ಷರಗಳಿಗೆ.

ಇಲ್ಲಿಗೆ ಮುಗಿದಿದ್ದರೆ ಬ್ರಷ್‌ನಿಂದ ತಿದ್ದಿಕೊಳ್ಳಬಹುದಿತ್ತು. ಆದರೆ ನಮ್ಮಲ್ಲಿ ಒಮ್ಮೆ ಬೇರ್ಪಡಿಸಿದ ಚಿತ್ರ ಒಂದೇ ಕಡೆ ಉಳಿಯುವುದಿಲ್ಲ. ಆಮಂತ್ರಣ ಪತ್ರಿಕೆಗೆಂದು 2400 ಪಿಕ್ಸೆಲ್ ಅಗಲದ ಚಿತ್ರವನ್ನು ಯಾರೋ 600ಕ್ಕೆ ಕುಗ್ಗಿಸುತ್ತಾರೆ. ಇನ್ನೊಬ್ಬರು ಅದೇ ಫೈಲನ್ನು ತೆರೆದು ಮುಖಪುಟಕ್ಕೆಂದು ಮತ್ತೆ 2400ಕ್ಕೆ ಹಿಗ್ಗಿಸುತ್ತಾರೆ. ಕುಗ್ಗಿಸಿದಾಗ ಮಾಸ್ಕ್‌ನ ಚೌಕಗಳೂ ಕುಗ್ಗಿದವು, ಅವುಗಳಲ್ಲಿದ್ದ ವಿವರ ಹೋಯಿತು. ನಾಲ್ಕು ಪಟ್ಟು ಹಿಗ್ಗಿಸಿದಾಗ ಒಂದು ಪಿಕ್ಸೆಲ್‌ನಷ್ಟಿದ್ದ ಅಂಚು ಸುಮಾರು ನಾಲ್ಕು ಪಿಕ್ಸೆಲ್‌ನ ಮಬ್ಬು ಪಟ್ಟಿಯಾಗುತ್ತದೆ. ನಡುವೆ ಮೂರು ಡಿಗ್ರಿ ತಿರುಗಿಸಿ ನೇರ ಮಾಡಿದ್ದರೆ ಇನ್ನಷ್ಟು ಮಬ್ಬು. ವೆಕ್ಟರ್ ಮಾಸ್ಕ್‌ನಲ್ಲಿ ಜಾಗ ಬದಲಿಸುವುದು ಬಿಂದುಗಳು ಮಾತ್ರ. ಹೊಸ ಅಳತೆಯಲ್ಲಿ ಅಂಚು ಹೊಸದಾಗಿಯೇ ಮೂಡುತ್ತದೆ.

"ಹಾಗಿದ್ದರೆ ಮೊದಲೇ ಸ್ಮಾರ್ಟ್ ಆಬ್ಜೆಕ್ಟ್ ಮಾಡಿಬಿಟ್ಟರಾಯಿತು" ಎಂದು ಗೆಳೆಯನೊಬ್ಬ ವಾದಿಸಿದ. ಸ್ಮಾರ್ಟ್ ಆಬ್ಜೆಕ್ಟ್ ಮಾಡಲೇಬೇಕು, ಇಲ್ಲದಿದ್ದರೆ ಫೋಟೋದ ಪಿಕ್ಸೆಲ್‌ಗಳೇ ಕೆಡುತ್ತವೆ. ಆದರೆ ಅದು ಕಾಪಾಡುವುದು ಒಳಗಿರುವುದನ್ನು. ಆ ಲೇಯರ್‌ಗೆ ಆಮೇಲೆ ಹಾಕಿದ ಪಿಕ್ಸೆಲ್ ಮಾಸ್ಕ್ ಹೊರಗೆ ಇರುತ್ತದೆ, ಪ್ರತಿ ಸಲ ಅಳತೆ ಬದಲಿಸಿದಾಗಲೂ ಸವೆಯುತ್ತದೆ. ಫೋಟೋ ಚೆನ್ನಾಗಿಯೇ ಇದೆ, ಅಂಚು ಮಾತ್ರ ಏಕೆ ಮಬ್ಬಾಯಿತು ಎಂದು ಕೇಳುವವರಿಗೆ ಉತ್ತರ ಹೆಚ್ಚಿನ ಸಲ ಇದೇ.

ಈಗ ಸ್ವಲ್ಪ ಕಷ್ಟದ ಉದಾಹರಣೆ ನೋಡೋಣ. ಪ್ರವಾಸದಲ್ಲಿ ತೆಗೆದ ವಿಜಯಪುರದ ಗೋಳಗುಮ್ಮಟದ ಫೋಟೋ ಇದೆ ಎಂದುಕೊಳ್ಳಿ. ಬೂದು ಕಲ್ಲು, ಹಿಂದೆ ಮೋಡ ಕವಿದ ಬೂದು ಆಕಾಶ. ಬಣ್ಣ ನೋಡಿ ಆರಿಸುವ ಸಾಧನಕ್ಕೆ ಇದಕ್ಕಿಂತ ಕಷ್ಟದ ಪರೀಕ್ಷೆ ಬೇಡ. ಪೆನ್ ಟೂಲ್‌ಗೆ ಬಣ್ಣದ ಗೊಡವೆ ಇಲ್ಲ. ಅಂಚು ಎಲ್ಲಿದೆ ಎಂದು ನಮ್ಮ ಕಣ್ಣಿಗೆ ತಿಳಿದರೆ ಸಾಕು.

ಪೆನ್ ಟೂಲ್ ತೆಗೆದುಕೊಂಡು ಮೇಲಿನ ಪಟ್ಟಿಯಲ್ಲಿ Shape ಬದಲು Path ಆರಿಸಿ. ಚಿತ್ರವನ್ನು ಮೂರು ಪಟ್ಟು ಹಿಗ್ಗಿಸಿ ನೋಡುತ್ತಾ ಗೋಡೆಯ ಮೂಲೆಯಿಂದ ಮೂಲೆಗೆ ಕ್ಲಿಕ್ ಮಾಡುತ್ತಾ ಹೋಗಿ. ಬಿಂದುವನ್ನು ಕಣ್ಣಿಗೆ ಕಾಣುವ ಅಂಚಿನ ಮೇಲೆಯೇ ಇಡಬೇಡಿ, ಒಂದು ಪಿಕ್ಸೆಲ್ ಒಳಗಿಡಿ. ಅಂಚಿನ ಪಿಕ್ಸೆಲ್‌ಗಳಲ್ಲಿ ಕಲ್ಲಿನ ಬಣ್ಣದ ಜೊತೆ ಆಕಾಶದ ಬಣ್ಣವೂ ಬೆರೆತಿರುತ್ತದೆ. ಅದು ಒಳಗೆ ಉಳಿದರೆ ಹಿನ್ನೆಲೆ ಬದಲಿಸಿದಾಗ ಕಟ್ಟಡದ ಸುತ್ತ ಬಿಳಿ ಗೆರೆ ಕಾಣುತ್ತದೆ.

ಗುಮ್ಮಟದ ಬಳಿ ಬಂದಾಗ ಹಲವರು ತಪ್ಪುವುದು ಬಿಂದುಗಳ ಸಂಖ್ಯೆಯಲ್ಲಿ. ಹೆಚ್ಚು ಬಿಂದು ಇಟ್ಟಷ್ಟೂ ನಿಖರ ಎಂದುಕೊಳ್ಳುತ್ತಾರೆ. ಹದಿನೈದು ಬಿಂದು ಇಟ್ಟರೆ ಗುಮ್ಮಟ ಉಬ್ಬುತಗ್ಗಾಗುತ್ತದೆ. ಅರ್ಧವೃತ್ತದಂಥ ಹೊರರೇಖೆಗೆ ಎಡಕ್ಕೊಂದು, ನೆತ್ತಿಯಲ್ಲೊಂದು, ಬಲಕ್ಕೊಂದು, ಒಟ್ಟು ಮೂರು ಬಿಂದು ಸಾಕು. ಕ್ಲಿಕ್ ಮಾಡಿ ಬಿಡದೆ ಎಳೆದರೆ ಬಿಂದುವಿನಿಂದ ಹಿಡಿಗಳು ಹೊರಡುತ್ತವೆ. ಹಿಡಿಯ ಉದ್ದ ತ್ರಿಜ್ಯದ ಸುಮಾರು 0.55ರಷ್ಟಿದ್ದರೆ ವಕ್ರರೇಖೆ ವೃತ್ತಕ್ಕೆ ತೀರಾ ಹತ್ತಿರ ಬರುತ್ತದೆ. ಆಮೇಲೆ ಫೋಟೋ ನೋಡಿ ಚೂರು ಆಚೀಚೆ ಎಳೆದರಾಯಿತು. ಗುಮ್ಮಟದ ಬುಡದಲ್ಲಿರುವ ಹೂವಿನ ದಳಗಳಂಥ ಅಲಂಕಾರಕ್ಕೆ ಮಾತ್ರ ಹೆಚ್ಚು ಬಿಂದುಗಳು ಬೇಕು.

ರೇಖೆ ಹೊರಟಲ್ಲಿಗೇ ಬಂದು ಮುಚ್ಚಿಕೊಂಡ ಮೇಲೆ ಮೆನುವಿನಲ್ಲಿ Layer > Vector Mask > Current Path ಒತ್ತಿ. ಕಟ್ಟಡ ಮಾಯವಾಗಿ ಆಕಾಶ ಮಾತ್ರ ಉಳಿದರೆ ಗಾಬರಿ ಬೇಡ. ರೇಖೆ ಕಳೆಯುವ ಸ್ಥಿತಿಯಲ್ಲಿದೆ ಎಂದರ್ಥ. ಅದನ್ನು ಆರಿಸಿ Combine Shapes ಮಾಡಿದರೆ ತಿರುಗಿಕೊಳ್ಳುತ್ತದೆ. ಗೋಳಗುಮ್ಮಟದ ನಾಲ್ಕು ಮೂಲೆಗಳಲ್ಲಿ ಏಳು ಅಂತಸ್ತಿನ ಅಷ್ಟಭುಜ ಗೋಪುರಗಳಿವೆ, ಅವುಗಳಲ್ಲಿ ಕಮಾನಿನ ಕಿಂಡಿಗಳಿವೆ. ಫೋಟೋದಲ್ಲಿ ಯಾವ ಕಿಂಡಿಯಿಂದ ಆಕಾಶ ಇಣುಕುತ್ತದೋ ಅದಕ್ಕೂ ಒಂದು ಸಣ್ಣ ರೇಖೆ ಎಳೆದು Subtract Front Shape ಕೊಡಬೇಕು. ಇದನ್ನು ಬಿಟ್ಟರೆ ಮುಖಪುಟದ ಹಿನ್ನೆಲೆ ಕೇಸರಿ ಸಂಜೆಯಾಗಿದ್ದರೂ ಕಿಂಡಿಗಳಲ್ಲಿ ಬೂದು ಮೋಡವೇ ಇರುತ್ತದೆ.

ವೆಕ್ಟರ್ ಮಾಸ್ಕ್‌ನಿಂದ ಆಗದ ಕೆಲಸವನ್ನೂ ಹೇಳದಿದ್ದರೆ ನನ್ನ ವಾದ ಪ್ರಾಮಾಣಿಕವಾಗುವುದಿಲ್ಲ. ಕಟ್ಟಡದ ಮುಂದೆ ಮರವಿದ್ದರೆ ಅದರ ಎಲೆಗಳನ್ನು ಪೆನ್‌ನಿಂದ ಸುತ್ತುವುದು ಹುಚ್ಚುತನ. ಕೂದಲು, ಹೊಗೆ, ಗಾಳಿಗೆ ಅಲುಗಿ ಮಬ್ಬಾದ ಬಾವುಟ, ಇವುಗಳ ಅಂಚು ಅರೆಪಾರದರ್ಶಕ. ಅವಕ್ಕೆ ಪಿಕ್ಸೆಲ್ ಮಾಸ್ಕೇ ಸರಿ. ಒಂದೇ ಲೇಯರ್‌ಗೆ ಎರಡೂ ಮಾಸ್ಕ್ ಹಾಕಬಹುದು, ಎರಡೂ ಒಪ್ಪಿದ ಭಾಗ ಮಾತ್ರ ಕಾಣುತ್ತದೆ. ಆದ್ದರಿಂದ ಗೋಡೆ, ಗುಮ್ಮಟಗಳನ್ನು ವೆಕ್ಟರ್ ರೇಖೆ ಕಾಯಲಿ. ಮರವಿರುವಲ್ಲಿ ರೇಖೆಯನ್ನು ಮರದಾಚೆಗೆ ದೂರವಾಗಿ ಎಳೆದು, ಎಲೆಗಳನ್ನು ಪಿಕ್ಸೆಲ್ ಮಾಸ್ಕ್‌ಗೆ ಬಿಡಿ.

ಇನ್ನೊಂದು ಮಿತಿ ಅಷ್ಟು ಬೇಗ ಹೊಳೆಯುವುದಿಲ್ಲ. ವೆಕ್ಟರ್ ಮಾಸ್ಕ್ ಅಂಚನ್ನು ಚೂಪಾಗಿಡುತ್ತದೆಯೇ ಹೊರತು ಫೋಟೋವನ್ನಲ್ಲ. ಮಬ್ಬು ಫೋಟೋವನ್ನು ಫ್ಲೆಕ್ಸ್‌ಗೆಂದು ಹಿಗ್ಗಿಸಿದರೆ ಒಳಗೆಲ್ಲ ಮಬ್ಬು, ಅಂಚು ಮಾತ್ರ ಬ್ಲೇಡಿನಂತೆ. ನೋಡಿದವರಿಗೆ ಕತ್ತರಿಯಿಂದ ಕತ್ತರಿಸಿ ಅಂಟಿಸಿದ ಕಾಗದದಂತೆ ಕಾಣುತ್ತದೆ. ಇದಕ್ಕೆ Properties ಫಲಕದಲ್ಲಿ Feather ಇದೆ. ಚಿತ್ರದೊಳಗಿನ ಕಿಟಕಿಯ ಅಂಚು ಎಷ್ಟು ಮೃದುವಾಗಿದೆ ಎಂದು ನೋಡಿ, ಹೊರ ಅಂಚನ್ನೂ ಅಷ್ಟೇ ಮೃದುಗೊಳಿಸಿ. ಹೆಚ್ಚಿನ ಸಲ ಅರ್ಧದಿಂದ ಒಂದು ಪಿಕ್ಸೆಲ್ ಸಾಕಾಗುತ್ತದೆ. ಬೇಡವೆನಿಸಿದರೆ ನಾಳೆ ಸೊನ್ನೆಗೆ ತರಬಹುದು, ರೇಖೆಗೆ ಏನೂ ಆಗುವುದಿಲ್ಲ.

ಕೆಲಸ ಸರಿಯಾಗಿದೆಯೇ ಎಂದು ತಿಳಿಯಲು ಬಿಳಿ ಹಿನ್ನೆಲೆಯಲ್ಲಿ ನೋಡಬೇಡಿ, ಬಿಳಿ ಎಲ್ಲವನ್ನೂ ಮುಚ್ಚಿಡುತ್ತದೆ. ಕೆಳಗೆ ಒಂದು ಗಾಢ ಕೆಂಪು ಲೇಯರ್ ಇಟ್ಟು ಅಂಚಿನುದ್ದಕ್ಕೂ ಕಣ್ಣಾಡಿಸಿ. ಬಿಳಿ ಗೆರೆ ಕಂಡರೆ ಬಿಂದು ಹೊರಗಿದೆ. ಕಲ್ಲಿನ ಮೂಲೆ ಮೊಂಡಾಗಿದ್ದರೆ ಬಿಂದು ತೀರಾ ಒಳಗಿದೆ. ಯಾವುದೇ ಆದರೂ ಆ ಒಂದು ಬಿಂದುವನ್ನು ಸರಿಸಿದರೆ ಸರಿಹೋಗುತ್ತದೆ.

ಪೆನ್ ಟೂಲ್‌ಗೆ ಸಮಯ ಹೆಚ್ಚು ಎನ್ನುವ ಆಕ್ಷೇಪ ನಿಜವೇ. ಗೋಳಗುಮ್ಮಟದಂಥ ಕಟ್ಟಡಕ್ಕೆ ಕೈ ಪಳಗಿದವರಿಗೂ ಅರ್ಧ ಗಂಟೆ ಹಿಡಿಯಬಹುದು. ಆದರೆ ನಾವು ಈ ಕಾಲೇಜಿನಲ್ಲಿ ಇರುವುದು ಎರಡೇ ವರ್ಷ. ನಾವು ಮಾಡಿದ ಫೈಲ್ ಮುಂದಿನ ವರ್ಷ ಬೇರೆಯವರ ಕೈಗೆ ಹೋಗುತ್ತದೆ. ಕಟ್ಟಡದ ಮೇಲೆ ಹೊಸ ಕೈಪಿಡಿ ಗೋಡೆ ಬಂತು, ಹೊಸ ಫೋಟೋ ಬಂತು ಎಂದರೆ ಅವರು ಬಿಂದುಗಳನ್ನು ಸರಿಸಿ ಕೆಲಸ ಮುಗಿಸಬಹುದು. ಪಿಕ್ಸೆಲ್ ಮಾಸ್ಕ್ ಬಿಟ್ಟುಹೋದರೆ ಅವರು ಮೊದಲಿನಿಂದ ಶುರುಮಾಡಬೇಕು. ಬರೀ ಜೆಪಿಜಿ ಬಿಟ್ಟುಹೋದರೆ ಮಾಸ್ಕ್ ಎಂಬುದೇ ಉಳಿದಿರುವುದಿಲ್ಲ.

ಎಲ್ಲರ ಮನೆಯಲ್ಲೂ ಫೋಟೋಶಾಪ್ ಇಲ್ಲ, ಅದು ನನಗೂ ಗೊತ್ತು. ಉಚಿತವಾಗಿ ಸಿಗುವ ಇಂಕ್‌ಸ್ಕೇಪ್‌ನಲ್ಲಿ ಫೋಟೋದ ಮೇಲೆ ರೇಖೆ ಎಳೆದು, ಎರಡನ್ನೂ ಆರಿಸಿ Object ಮೆನುವಿನಿಂದ ಕ್ಲಿಪ್ ಮಾಡಿದರೆ ಇದೇ ಫಲ ಸಿಗುತ್ತದೆ. ಗಿಂಪ್‌ನಲ್ಲಿ ರೇಖೆಯನ್ನು ಆಯ್ಕೆಯಾಗಿ ಬದಲಿಸಿ ಪಿಕ್ಸೆಲ್ ಮಾಸ್ಕ್ ಮಾಡಿಕೊಳ್ಳುವುದು ರೂಢಿ. ಆದರೂ ಎಳೆದ ರೇಖೆ ಅದರ ಎಕ್ಸ್‌ಸಿಎಫ್ ಫೈಲ್‌ನಲ್ಲಿ ಉಳಿಯುತ್ತದೆ, ಮಾಸ್ಕ್ ಸವೆದಾಗ ಅದರಿಂದಲೇ ಹೊಸದನ್ನು ಮಾಡಬಹುದು.

ಹಾಗಾಗಿ ಈ ಸಲದ ಮಂಡಳಿಗೆ ನನ್ನ ಕೋರಿಕೆ ಇಷ್ಟೆ. ನಾಮಫಲಕ, ಕಟ್ಟಡ, ಕಮಾನು ಇವುಗಳ ಚಿತ್ರವನ್ನು ಯಾರೇ ಬೇರ್ಪಡಿಸಲಿ, ವೆಕ್ಟರ್ ರೇಖೆ ಇರುವ ಮೂಲ ಫೈಲನ್ನು ಕಂಪ್ಯೂಟರ್ ಲ್ಯಾಬಿನ ಸಂಚಿಕೆ ಫೋಲ್ಡರ್‌ನಲ್ಲಿ ಇಟ್ಟ ಮೇಲೆಯೇ ಆ ಚಿತ್ರ ಮುದ್ರಣಕ್ಕೆ ಹೋಗಲಿ.