ಎಲ್ಲರಿಗೂ ಶನಿವಾರವೇ ಅಂದ್ರೆ ಹೇಗೆ?

ರೆಕಾರ್ಡ್ ಸಬ್ಮಿಟ್ ಮಾಡೋ ಹಿಂದಿನ ದಿನ ಗೇಟ್ ಎದುರಿನ ಜೆರಾಕ್ಸ್ ಅಂಗಡಿಗೆ ಹೋಗಿ ನೋಡಿ. ಅಣ್ಣ ಎಲ್ಲರಿಗೂ ಒಂದೇ ಮಾತು ಹೇಳ್ತಾರೆ: "ಐದು ಗಂಟೆಗೆ ಬನ್ನಿ, ಸ್ಪೈರಲ್ ಆಗಿರತ್ತೆ." ಪಾಪ, ಅವರು ಸುಳ್ಳು ಹೇಳ್ತಿಲ್ಲ. ನಮ್ಮದೊಂದೇ ಇದ್ದಿದ್ದರೆ ಖಂಡಿತ ಐದಕ್ಕೆ ಆಗ್ತಿತ್ತು. ಆದರೆ ಬೈಂಡಿಂಗ್ ಮೆಷಿನ್ ಒಂದು, ನಾವು ಇಡೀ ಸೆಕ್ಷನ್.

ಪ್ರೊಡಕ್ಷನ್ ಪ್ಲಾನಿಂಗ್‌ನಲ್ಲಿ ಇದಕ್ಕೆ ಇನ್ಫೈನೈಟ್ ಲೋಡಿಂಗ್ ಅಂತ ಹೆಸರಿದೆ. ಪ್ರತಿ ಆರ್ಡರ್‌ಗೂ ಎಷ್ಟು ದಿನ ಬೇಕು ಅಂತ ಒಂದು ನಿಗದಿ ಲೆಕ್ಕ ಇರುತ್ತದೆ. ಡೆಲಿವರಿ ದಿನದಿಂದ ಅಷ್ಟು ದಿನ ಹಿಂದಕ್ಕೆ ಎಣಿಸಿ ಕೆಲಸ ಶುರು ಮಾಡೋದು. ಆ ದಿನ ಮೆಷಿನ್ ಖಾಲಿ ಇದೆಯಾ ಅಂತ ಯಾರೂ ಕೇಳೋದಿಲ್ಲ. ಎಂಆರ್‌ಪಿ ಪದ್ಧತಿ (ಬಿಸ್ಕೆಟ್ ಪ್ಯಾಕೆಟ್ ಮೇಲಿರೋದಲ್ಲ, ಮೆಟೀರಿಯಲ್ ರಿಕ್ವೈರ್‌ಮೆಂಟ್ಸ್ ಪ್ಲಾನಿಂಗ್) ಮೂಲದಲ್ಲಿ ಹೀಗೇ ಲೆಕ್ಕ ಹಾಕುತ್ತದೆ. ಫೈನೈಟ್ ಶೆಡ್ಯೂಲಿಂಗ್‌ನಲ್ಲಿ ಹಾಗಲ್ಲ. ಮೆಷಿನ್‌ಗೆ ದಿನಕ್ಕೆ ಇಷ್ಟೇ ಗಂಟೆ, ಅದು ತುಂಬಿದರೆ ಮುಂದಿನ ಜಾಬ್ ಮರುದಿನಕ್ಕೆ.

ಇಷ್ಟು ಓದಿದರೆ ಫೈನೈಟ್ ಸರಿ, ಇನ್ಫೈನೈಟ್ ತಪ್ಪು ಅಂತ ಪರೀಕ್ಷೆಯಲ್ಲಿ ಬರೆದು ಬಂದುಬಿಡಬಹುದು. ನಾವೂ ಹಾಗೇ ಅಂದುಕೊಂಡಿದ್ವಿ. ರಜೆಯಲ್ಲಿ ನಾವು ನಾಲ್ಕು ಜನ ಪೀಣ್ಯದ ಒಂದು ಚಿಕ್ಕ ಜಾಬ್ ಶಾಪ್‌ನಲ್ಲಿ ಎರಡು ವಾರ ಕಳೆದ ಮೇಲೆ ಅಭಿಪ್ರಾಯ ಸ್ವಲ್ಪ ಬದಲಾಗಿದೆ.

ಅಲ್ಲಿ ಎರಡು ಸಿಎನ್‌ಸಿ ಲೇತ್, ಒಂದು ಮಿಲ್ಲಿಂಗ್ ಮೆಷಿನ್, ಒಂದೇ ಒಂದು ಸಿಲಿಂಡ್ರಿಕಲ್ ಗ್ರೈಂಡಿಂಗ್ ಮೆಷಿನ್. ಲೇತ್‌ನಲ್ಲಿ ತಿರುಗಿಸಿದ ಶಾಫ್ಟ್ ಹೀಟ್ ಟ್ರೀಟ್‌ಮೆಂಟ್‌ಗೆ ಹೊರಗೆ ಹೋಗಿ ಬರುತ್ತದೆ, ಆಮೇಲೆ ಗ್ರೈಂಡಿಂಗ್. ಎಲ್ಲ ಜಾಬೂ ಕೊನೆಗೆ ಅದೇ ಮೆಷಿನ್ ಮುಂದೆ ಬಂದು ನಿಲ್ಲಬೇಕು. ಅದೇ ಬಾಟಲ್‌ನೆಕ್. ಇದನ್ನು ಕಂಡುಹಿಡಿಯೋಕೆ ಸಾಫ್ಟ್‌ವೇರ್ ಬೇಕಾಗಲಿಲ್ಲ, ಅದರ ಮುಂದೆ ನೆಲದ ಮೇಲೆ ಓಡಾಡೋಕೂ ಜಾಗ ಇರಲಿಲ್ಲ.

ಮೊದಲ ವಾರ ಸುಮ್ಮನೆ ನೋಡಿದ್ವಿ. ಒಂದು ಜಾಬ್ ಅರ್ಧ ಆಗಿರುವಾಗ ಇನ್ನೊಬ್ಬ ಕಸ್ಟಮರ್ ಫೋನ್ ಮಾಡ್ತಾರೆ. ಇದನ್ನು ಇಳಿಸಿ ಅದನ್ನು ಹತ್ತಿಸು. ಹತ್ತಿಸೋದು ಅಂದರೆ ಸೆಂಟರ್ ಹೊಂದಿಸಬೇಕು, ವೀಲ್ ಡ್ರೆಸ್ ಮಾಡಬೇಕು, ಟೇಪರ್ ಬರದ ಹಾಗೆ ಟೇಬಲ್ ಸರಿಮಾಡಬೇಕು, ಮೊದಲ ಪೀಸ್ ಅಳೆದು ನೋಡಬೇಕು. ಒಂದೆರಡು ಗಂಟೆ ಹೋಯ್ತು. ಇಳಿಸಿದ್ದನ್ನು ಮತ್ತೆ ಹತ್ತಿಸುವಾಗ ಅದೇ ಕಥೆ. ಎಲ್ಲರಿಗೂ ಶನಿವಾರ ಅಂತ ಮಾತು ಕೊಟ್ಟ ಮೇಲೆ ಯಾರು ಜೋರಾಗಿ ಕೂಗ್ತಾರೋ ಅವರ ಜಾಬ್ ಮೊದಲು. ಅಂದರೆ ಯಾವ ಮೆಷಿನ್‌ನಲ್ಲಿ ಸಮಯ ಕಮ್ಮಿ ಇದೆಯೋ ಅದರಲ್ಲೇ ಸಮಯ ಪೋಲಾಗ್ತಿತ್ತು.

ಎರಡನೇ ವಾರದ ಜಾಬ್‌ಗಳನ್ನು ಒಂದು ಹಾಳೆಯಲ್ಲಿ ಬರೆದ್ವಿ. ಲೆಕ್ಕ ಸುಲಭವಾಗಲಿ ಅಂತ ಅಂಕಿಗಳನ್ನು ಇಲ್ಲಿ ಸ್ವಲ್ಪ ದುಂಡಗೆ ಮಾಡಿದ್ದೇವೆ. ಗ್ರೈಂಡಿಂಗ್ ಮೆಷಿನ್‌ಗೆ ದಿನಕ್ಕೆ 7 ಗಂಟೆ, ವಾರಕ್ಕೆ 42. ಐದು ಜಾಬ್, ಸೆಟಪ್ ಸೇರಿಸಿ: ಶಾಫ್ಟ್ 13 ಗಂಟೆ, ಗೇರ್ ಶಾಫ್ಟ್ 12, ಬುಷ್ 11, ಸ್ಪಿಂಡಲ್ 14, ಪಿನ್ 9. ಒಟ್ಟು 59. ಐದಕ್ಕೂ ಶನಿವಾರ ಅಂತಲೇ ಹೇಳಿಯಾಗಿತ್ತು.

42ರಲ್ಲಿ 59 ಹಿಡಿಸಲ್ಲ. ಇದು ಮೂರನೇ ಕ್ಲಾಸಿನ ವ್ಯವಕಲನ. ಆದರೆ ಇದು ಗೊತ್ತಾಗೋದು ಸೋಮವಾರ ಬೆಳಿಗ್ಗೆಯಾ, ಶನಿವಾರ ಸಂಜೆಯಾ ಅನ್ನೋದೇ ಇಲ್ಲಿನ ವಿಷಯ. ಸಾಲಾಗಿ ಜೋಡಿಸಿದರೆ ಮೊದಲ ಮೂರು ಜಾಬ್ 36 ಗಂಟೆಗೆ, ಅಂದರೆ ಶನಿವಾರ ಬೆಳಿಗ್ಗೆಯೇ ಮುಗಿಯುತ್ತವೆ. ಅದರ ಹಿಂದೆ ಪಿನ್ ಇಟ್ಟರೆ 45. ಶನಿವಾರ 3 ಗಂಟೆ ಓಟಿ ಮಾಡಿದರೆ ಅದೂ ಅವತ್ತೇ ಮುಗಿಯುತ್ತದೆ. ಉಳಿದದ್ದು ಸ್ಪಿಂಡಲ್ ಒಂದೇ, ಮುಂದಿನ ಸೋಮವಾರ ಮತ್ತು ಮಂಗಳವಾರ. ಸ್ಪಿಂಡಲ್ ಮೊದಲು ಇಟ್ಟಿದ್ದರೆ 50ಕ್ಕೆ ಮುಗಿಯುತ್ತಿತ್ತು, ಆಗ ಆ ಓಟಿಯಲ್ಲೂ ಎರಡು ಜಾಬ್ ಲೇಟ್. ಫೈನೈಟ್ ಶೆಡ್ಯೂಲ್ ಒಂದು ನಿಮಿಷದ ಕೆಪ್ಯಾಸಿಟಿಯನ್ನೂ ಹುಟ್ಟಿಸಲ್ಲ. ಯಾರದ್ದು ಲೇಟ್ ಆಗಬೇಕು ಅಂತ ನಾವೇ ಆರಿಸೋಕೆ ಬಿಡುತ್ತದೆ, ಅಷ್ಟೇ.

ಹಾಗಾದರೆ ಲೇತ್, ಮಿಲ್ಲಿಂಗ್ ಎಲ್ಲಕ್ಕೂ ಹೀಗೇ ಗಂಟೆ ಗಂಟೆಗೆ ಶೆಡ್ಯೂಲ್ ಮಾಡಬೇಕಾ? ನಮ್ಮ ಮಟ್ಟಿಗೆ ಬೇಡ. ಮೊದಲನೆಯದಾಗಿ ಅದು ಭಾರಿ ಕಷ್ಟದ ಲೆಕ್ಕ. 10 ಜಾಬ್, 10 ಮೆಷಿನ್‌ನ ಒಂದು ಪ್ರಸಿದ್ಧ ಸಮಸ್ಯೆಯನ್ನು ಫಿಶರ್ ಮತ್ತು ಥಾಂಪ್ಸನ್ 1963ರಲ್ಲಿ ಪ್ರಕಟಿಸಿದರು. ಅದಕ್ಕೆ 930ಕ್ಕಿಂತ ಕಮ್ಮಿ ಸಮಯದ ಉತ್ತರ ಸಾಧ್ಯವೇ ಇಲ್ಲ ಅಂತ ಕಾರ್ಲಿಯೆ ಮತ್ತು ಪಿನ್ಸನ್ ಸಾಧಿಸಿದ್ದು 1989ರಲ್ಲಿ. ಎರಡನೆಯದು ಇನ್ನೂ ಮುಖ್ಯ. ಅಂಗಡಿಯ ಅಂಕಿಗಳು ಅಷ್ಟು ನಿಖರ ಇರಲ್ಲ. ಕಾರ್ಡ್ ಮೇಲೆ ಒಂದು ಶಾಫ್ಟ್‌ಗೆ 12 ನಿಮಿಷ ಅಂತಿತ್ತು, ನಾವು ಫೋನ್‌ನಲ್ಲಿ ಟೈಮ್ ಹಿಡಿದಾಗ ಸುಮಾರು 15. 60 ಶಾಫ್ಟ್‌ಗೆ 3 ಗಂಟೆ ವ್ಯತ್ಯಾಸ. ಎಲ್ಲ ಮೆಷಿನ್‌ಗೂ ನಿಮಿಷದ ಲೆಕ್ಕ ಕಟ್ಟಿದ್ದರೆ ಮಂಗಳವಾರದ ಹೊತ್ತಿಗೇ ಪ್ಲಾನ್ ಹರಿದು ಹೋಗಿರೋದು. ಆಮೇಲೆ ಆ ಹಾಳೆಯನ್ನು ಯಾರೂ ನೋಡಲ್ಲ. ನಾವು ಆ ಜಾಬ್‌ಗೆ 13 ಹಾಕಿದ್ದು ಅಳೆದ ಮೇಲೂ ಅಲ್ಲ, ಕಾರ್ಡ್ ನಂಬಿ. ಆ 3 ಗಂಟೆಯನ್ನು ಗುರುವಾರ, ಶುಕ್ರವಾರ ಸಂಜೆ ಹೆಚ್ಚು ಕೆಲಸ ಮಾಡಿ ತುಂಬಿಸಬೇಕಾಯ್ತು.

ಎಲಿಯಾಹು ಗೋಲ್ಡ್‌ರಾಟ್ 1984ರಲ್ಲಿ 'ದಿ ಗೋಲ್' ಪುಸ್ತಕದಿಂದ ಜನಪ್ರಿಯ ಮಾಡಿದ ವಿಚಾರ ಇಲ್ಲಿ ಕೆಲಸಕ್ಕೆ ಬರುತ್ತದೆ. ಬಾಟಲ್‌ನೆಕ್ ಒಂದಕ್ಕೆ ಮಾತ್ರ ಸರಿಯಾದ ಸಾಲು ಮಾಡಿ, ಉಳಿದ ಮೆಷಿನ್‌ಗಳು ಅದನ್ನು ನೋಡಿ ನಡೆಯಲಿ. ಲೇತ್‌ಗಳಿಗೆ ಎರಡೂ ಸೇರಿ ವಾರಕ್ಕೆ 84 ಗಂಟೆ, ಕೆಲಸ ಇದ್ದದ್ದು ಸುಮಾರು 50. ಖಾಲಿ ನಿಂತ ಲೇತ್ ನೋಡಿದರೆ ಸೂಪರ್‌ವೈಸರ್‌ಗೆ ಸಂಕಟ. "ಏನ್ರಪ್ಪಾ, ಮೆಷಿನ್ ಸುಮ್ನೆ ನಿಂತಿದ್ಯಲ್ಲ" ಅಂತ ಮುಂದಿನ ತಿಂಗಳ ಬಾರ್‌ಗಳನ್ನೂ ಹಾಕಿಸಿಬಿಡೋರು. ಅದರಿಂದ ಆಗೋದು ಗ್ರೈಂಡಿಂಗ್ ಮುಂದಿನ ರಾಶಿ ಬೆಳೆಯೋದೊಂದೇ. ಗ್ರೈಂಡಿಂಗ್ ಶುರುವಾಗೋ ದಿನದಿಂದ ಹಿಂದಕ್ಕೆ ಎಣಿಸಿ: ಲೇತ್‌ಗೆ 1 ದಿನ, ಹೀಟ್ ಟ್ರೀಟ್‌ಮೆಂಟ್‌ಗೆ 3, ತಡವಾದರೆ ಇರಲಿ ಅಂತ 1. ಐದು ದಿನ ಮೊದಲು ಬಾರ್ ಕೊಟ್ಟರೆ ಸಾಕು.

ಇನ್ಫೈನೈಟ್ ಲೋಡಿಂಗ್ ಕಸದಬುಟ್ಟಿಗೆ ಹಾಕೋ ವಸ್ತುವೂ ಅಲ್ಲ. 59 ಬೇಕು, 42 ಇದೆ, 17 ಕಮ್ಮಿ ಅಂತ ಹೇಳಿದ್ದು ಅದೇ ಲೆಕ್ಕ. ಆಗಲೇ ಎಲ್ಲವನ್ನೂ ಮುಂದಕ್ಕೆ ತಳ್ಳಿದ್ದರೆ ಆ 17 ನಮಗೆ ಕಾಣ್ತಾನೇ ಇರಲಿಲ್ಲ. ಇದೇ ಅಂಕಿ ಎರಡು ವಾರ ಮೊದಲೇ ನೋಡಿದ್ದರೆ ಒಂದು ಜಾಬನ್ನು ಹೊರಗೆ ಗ್ರೈಂಡಿಂಗ್‌ಗೆ ಕೊಡಬಹುದಿತ್ತು. ಪ್ರತಿ ವಾರ ಎಲ್ಲ ಮೆಷಿನ್‌ಗೂ ಈ ಕೂಡುವ ಲೆಕ್ಕ ಮಾಡಲೇಬೇಕು, ಯಾಕಂದ್ರೆ ಆರ್ಡರ್ ಬದಲಾದರೆ ನಾಳೆ ಮಿಲ್ಲಿಂಗ್ ಮೆಷಿನ್ನೇ ಬಾಟಲ್‌ನೆಕ್ ಆಗಬಹುದು. ನಮ್ಮ ತಕರಾರು ಇರೋದು ಆ ಲೆಕ್ಕ ನೋಡಿ ಕಸ್ಟಮರ್‌ಗೆ ದಿನ ಹೇಳೋದರ ಬಗ್ಗೆ ಮಾತ್ರ.

ಆ ಸೋಮವಾರ ಮಾಲೀಕರು ಹಾಳೆಯನ್ನು ಎರಡು ನಿಮಿಷ ನೋಡಿ ಸ್ಪಿಂಡಲ್‌ನವರಿಗೆ ಫೋನ್ ಮಾಡಿದರು. ಬೈಗುಳ ಗ್ಯಾರಂಟಿ ಅಂದುಕೊಂಡು ನಾವು ದೂರ ನಿಂತಿದ್ವಿ. ಆ ಕಡೆಯವರು ಕೇಳಿದ್ದು, "ಮೂವತ್ತೂ ಒಟ್ಟಿಗೇ ಬೇಕಿಲ್ಲ ಸಾರ್, ಸೋಮವಾರ ಸಂಜೆಗೆ ಎಷ್ಟು ಕೊಡ್ತೀರಿ?" ಸೆಟಪ್‌ಗೆ 2 ಗಂಟೆ ಹೋದರೆ ಉಳಿದ 5 ಗಂಟೆಯಲ್ಲಿ, ಒಂದಕ್ಕೆ 24 ನಿಮಿಷದಂತೆ, ಹನ್ನೆರಡು. ಉಳಿದ ಹದಿನೆಂಟು ಮಂಗಳವಾರ. ಸರಿ ಅಂದರು. ಮುಂದಿನ ವಾರದ ಹಾಳೆಯಲ್ಲಿ ನಾವು 42 ಹೊಡೆದುಹಾಕಿ 28 ಅಂತ ಬರೆದು ಬಂದ್ವಿ.