ಮದುವೆ ವಿಡಿಯೋ ಪಟ್ಟಿ ನಾವೇ ಬರೀಬೇಕು

"ಅಷ್ಟು ದುಡ್ಡು ಕೊಟ್ಟಿದೀವಿ, ವಿಡಿಯೋದವ್ರಿಗೆ ಎಲ್ಲಾ ಗೊತ್ತಿರತ್ತೆ ಬಿಡಿ" ಅಂತಾರೆ. ನಾನು ಒಪ್ಪಲ್ಲ ಕಣ್ರೀ. ತಾಳಿ ಕಟ್ಟೋದು ಅವ್ರಿಗೆ ಗೊತ್ತು. ಹುಡುಗಿಯನ್ನ ಮಂಟಪಕ್ಕೆ ಕರ್ಕೊಂಡು ಬರ್ತಿರೋರು ಅವಳ ಸೋದರಮಾವ ಅಂತ ಅವ್ರಿಗೆ ಯಾರು ಹೇಳಿದ್ರು?

ಇಂಟರ್ನೆಟ್ಟಲ್ಲಿ ಸಿಗೋ ನೂರು ಸಾಲಿನ ಪಟ್ಟಿ ಕೊಟ್ರೂ ಉಪಯೋಗ ಇಲ್ಲ. ಉಂಗುರ, ಚಪ್ಪಲಿ, ಹ್ಯಾಂಗರ್‌ಗೆ ನೇತು ಹಾಕಿದ ಸೀರೆ ಅಂತೆಲ್ಲಾ ಇರತ್ತೆ, ಜೀರಿಗೆ ಬೆಲ್ಲ ಇರಲ್ಲ! ಮದುವೆ ಗದ್ದಲದಲ್ಲಿ ಅದನ್ನ ಓದೋರೂ ಇಲ್ಲ. ಒಂದೇ ಹಾಳೆ, ಹತ್ತು ಸಾಲು ಸಾಕು. ಪ್ರತಿ ಸಾಲಲ್ಲೂ ಮೂರು ವಿಷಯ ಇರಲಿ: ಅದು ಶುರುವಾಗ್ತಿದೆ ಅಂತ ಹೇಗೆ ಗೊತ್ತಾಗತ್ತೆ, ಯಾರ ಮುಖ ಬೇಕು, ಕ್ಯಾಮೆರಾ ಎಲ್ಲಿ ನಿಲ್ಲಬೇಕು.

ಜೀರಿಗೆ ಬೆಲ್ಲವನ್ನೇ ತಗೊಳ್ಳಿ. ತೆರೆ ಸರಿದ ಮೇಲೆ ಒಬ್ಬರ ತಲೆ ಮೇಲೆ ಒಬ್ಬರು ಇಡೋದು ಕೆಲವೇ ಕ್ಷಣ. ಗಟ್ಟಿಮೇಳ ಕೇಳಿದ ಮೇಲೆ ಓಡಿ ಬಂದ್ರೆ ಮುಗೀತು, ಅಷ್ಟರಲ್ಲಿ ನೆಂಟರೆಲ್ಲ ಅಕ್ಷತೆ ಹಿಡ್ಕೊಂಡು ಎದ್ದು ನಿಂತಿರ್ತಾರೆ, ಕೆಳಗಿಂದ ಬರೀ ಬೆನ್ನು ಕಾಣತ್ತೆ. ಅದಕ್ಕೇ ಹೀಗೆ ಬರೀರಿ: "ಮಂಗಳಾಷ್ಟಕ ಶುರುವಾದ ಕೂಡ್ಲೇ ಕ್ಯಾಮೆರಾ ಮಂಟಪದ ಮೇಲೆ, ತೆರೆಯ ಪಕ್ಕಕ್ಕೆ. ಇಬ್ಬರ ಮುಖವೂ ಬೇಕು." ಧಾರೆಗೆ "ಕೈ ಮಾತ್ರ ಅಲ್ಲ, ಹುಡುಗಿಯ ಅಪ್ಪ ಅಮ್ಮನ ಮುಖ" ಅಂತ ಬರೀರಿ. ಅವ್ರು ತಲೆ ಬಗ್ಗಿಸಿರ್ತಾರೆ, ಆದ್ದರಿಂದ ಕ್ಯಾಮೆರಾ ಸ್ವಲ್ಪ ಕೆಳಗೆ, ಪಕ್ಕದಿಂದ ಇರಬೇಕು.

ಇನ್ನೊಂದು ತಕರಾರು ಒಂದೇ ಹೊತ್ತಿಗೆ ಎರಡು ಕಡೆ ನಡೆಯೋದು. ಆಚೆ ಹುಡುಗ ಕೊಡೆ ಹಿಡ್ಕೊಂಡು ಕಾಶಿಯಾತ್ರೆಗೆ ಹೊರಟಿರ್ತಾನೆ, ಒಳಗೆ ಹುಡುಗಿ ಗೌರಿಪೂಜೆಗೆ ಕೂತಿರ್ತಾಳೆ. ನಗು, ಗಲಾಟೆ ಇರೋ ಕಡೆಗೇ ಕ್ಯಾಮೆರಾ ಓಡತ್ತೆ. ಆಮೇಲೆ ಗೌರಿಪೂಜೆ ಎಲ್ಲಿ ಅಂತ ಕೇಳಿದ್ರೆ ಏನು ಕೊಡ್ತಾರೆ? ಒಂದೇ ಕ್ಯಾಮೆರಾ ಇದ್ರೆ ಅದು ಕಾಶಿಯಾತ್ರೆಗೆ ಹೋಗಲಿ, ಗೌರಿಪೂಜೆಗೆ ಒಬ್ಬ ಹುಡುಗಿಗೆ ಫೋನ್ ಅಡ್ಡಕ್ಕೆ ಹಿಡಿದು ತೆಗೆಯೋಕೆ ಹೇಳಿ. ಅವಳ ಹೆಸರನ್ನೂ ಪಟ್ಟಿಯಲ್ಲೇ ಬರೀರಿ.

ಬರೆಯೋಕೆ ಮುಂಚೆ ಪುರೋಹಿತರಿಗೆ ಫೋನ್ ಮಾಡಿ ಯಾವುದಾದ ಮೇಲೆ ಯಾವುದು ಅಂತ ಕೇಳ್ಕೊಳ್ಳಿ, ಮನೆಯಿಂದ ಮನೆಗೆ ಕ್ರಮ ಬೇರೆ. ಮದುವೆ ದಿನ ಪಟ್ಟಿ ಹಿಡ್ಕೊಂಡು ಕ್ಯಾಮೆರಾ ಪಕ್ಕ ಒಬ್ಬರು ನಿಲ್ಲಲೇಬೇಕು. ಹುಡುಗಿಯ ಅಮ್ಮ ಬೇಡ, ಅವ್ರಿಗೆ ಮಂಟಪದಲ್ಲೇ ಕೆಲಸ. ಎರಡೂ ಕಡೆಯ ನೆಂಟರ ಗುರುತಿರೋ ಅತ್ತಿಗೆಯೋ ಚಿಕ್ಕಮ್ಮನೋ ಸರಿ. "ಇವ್ರೇ ಸೋದರಮಾವ, ತೆಗೀರಿ" ಅಂತ ಆ ಕ್ಷಣದಲ್ಲಿ ಹೇಳೋಕೆ ಆಗೋದು ನಮ್ಮೋರಿಗೆ ಮಾತ್ರ.

"ಇದೆಲ್ಲಾ ಹೇಳಿದ್ರೆ ವಿಡಿಯೋದವ್ರಿಗೆ ಬೇಜಾರಾಗತ್ತೆ" ಅಂತೀರಾ? ಅಡುಗೆಯವ್ರಿಗೆ ಹೋಳಿಗೆ ಎಷ್ಟು, ಪಾಯಸ ಎಷ್ಟು ಅಂತ ಬರೆದು ಕೊಡಲ್ವಾ? ಅಡ್ವಾನ್ಸ್ ಕೊಡೋ ದಿನವೇ ಈ ಹಾಳೆಯನ್ನೂ ಕೈಗಿಡಿ.