ರಾತ್ರಿ ಕಳಿಸಿದ ಇಮೇಲ್: ‘ಬೆಳಿಗ್ಗೆ ನೋಡಿದರಾಯ್ತು’ ಎನ್ನುವುದು ಎಷ್ಟು ನಿಜ?

ಶುಕ್ರವಾರ ರಾತ್ರಿ 10.40. ಬೆಂಗಳೂರಿನ ಒಂದು ಕಚೇರಿಯ ಟೀಮ್ ಲೀಡ್ ತಮ್ಮ ಕಿರಿಯ ಸಹೋದ್ಯೋಗಿಗೆ ಇಮೇಲ್ ಕಳಿಸುತ್ತಾರೆ: “ಈ ವರದಿ ಒಮ್ಮೆ ನೋಡಿ, ನಿಮ್ಮ ಅಭಿಪ್ರಾಯ ತಿಳಿಸಿ.” ತಲೆಯಲ್ಲಿದ್ದದ್ದು ಮರೆತುಹೋಗದಿರಲಿ ಎಂದು ಕಳಿಸಿದ್ದು ಅಷ್ಟೇ. ಉತ್ತರ ಸೋಮವಾರ ಬಂದರೂ ಅವರಿಗೆ ಸಾಕು. ಆದರೆ ಆ ಕಡೆ, ಊಟ ಮುಗಿಸಿ ಮಲಗಲು ಹೊರಟಿದ್ದವರ ಫೋನ್ ಸದ್ದು ಮಾಡುತ್ತದೆ. ‘ಇಷ್ಟು ಹೊತ್ತಿನಲ್ಲಿ ಕಳಿಸಿದ್ದಾರೆ ಅಂದರೆ ಅರ್ಜೆಂಟ್ ಇರಬೇಕು’ ಎಂದುಕೊಂಡು ಅವರು ಲ್ಯಾಪ್‌ಟಾಪ್ ತೆರೆಯುತ್ತಾರೆ.

ಇಲ್ಲಿ ಯಾರ ತಪ್ಪು? ನಿಜ ಹೇಳಬೇಕೆಂದರೆ, ಇಬ್ಬರಲ್ಲೂ ಕೆಟ್ಟ ಉದ್ದೇಶವಿಲ್ಲ. ಒಂದೇ ಇಮೇಲ್ ಕಳಿಸುವವರಿಗೆ ಒಂದು ರೀತಿ, ಪಡೆಯುವವರಿಗೆ ಇನ್ನೊಂದು ರೀತಿ ಕಾಣುತ್ತದೆ.

ಸಂಶೋಧನೆ ಏನು ಹೇಳುತ್ತದೆ?

ಲಾರಾ ಜಿಯುರ್ಜ್ ಮತ್ತು ವನೆಸ್ಸಾ ಬೋನ್ಸ್ ಎಂಬ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನೇ ಪರೀಕ್ಷಿಸಿದರು. ಕೆಲವರನ್ನು ಇಮೇಲ್ ಕಳಿಸುವವರ ಜಾಗದಲ್ಲಿ, ಇನ್ನು ಕೆಲವರನ್ನು ಪಡೆಯುವವರ ಜಾಗದಲ್ಲಿ ಇಟ್ಟು, ಎಷ್ಟು ಬೇಗ ಉತ್ತರ ಬೇಕೆಂಬ ನಿರೀಕ್ಷೆ ಇದೆ ಎಂದು ಕೇಳಿದರು. ಕಳಿಸಿದವರು ನಿಜವಾಗಿ ಬಯಸಿದ್ದಕ್ಕಿಂತ ಬೇಗ ಉತ್ತರಿಸಬೇಕು ಎಂದೇ ಪಡೆದವರು ಭಾವಿಸಿದ್ದರು. ಕೆಲಸದ ಅವಧಿ ಮುಗಿದ ಮೇಲೆ ಬಂದ, ತುರ್ತಲ್ಲದ ಇಮೇಲ್‌ಗಳಲ್ಲಿ ಈ ಅಂತರ ಎದ್ದು ಕಾಣುತ್ತಿತ್ತು. ಹೀಗೆ ತಪ್ಪಾಗಿ ಊಹಿಸಿದವರಲ್ಲಿ ಒತ್ತಡವೂ ಹೆಚ್ಚಿತ್ತು.

ಹಾಗಾಗಿ ‘ನಾನು ಕಳಿಸಿದೆ ಅಷ್ಟೇ, ಅವರು ಬೆಳಿಗ್ಗೆ ನೋಡಲಿ’ ಎನ್ನುವುದು ಕಳಿಸುವವರ ಮನಸ್ಸಿನಲ್ಲಿ ಮಾತ್ರ ಇರುವ ಮಾತು. ಹೇಳದಿದ್ದರೆ ಅದು ಆ ಕಡೆ ತಲುಪುವುದಿಲ್ಲ.

ಕಳಿಸುವ ಸಮಯವನ್ನು ಮುಂದಕ್ಕೆ ಹಾಕುವುದು ಹೇಗೆ?

ಇಮೇಲ್ ಈಗಲೇ ಬರೆದು, ಸೋಮವಾರ ತಲುಪುವಂತೆ ಮಾಡಬಹುದು. ಜಿಮೇಲ್‌ನಲ್ಲಿ ಈ ಸೌಲಭ್ಯ 2019ರಿಂದ ಇದೆ. ಫೋನ್‌ನಲ್ಲಿ ಇಮೇಲ್ ಬರೆದ ಮೇಲೆ, ಬಲಗಡೆ ಮೇಲಿರುವ ಮೂರು ಚುಕ್ಕಿ ಒತ್ತಿ Schedule send ಆರಿಸಿ, ದಿನ ಮತ್ತು ಸಮಯ ಕೊಡಿ. ಕಂಪ್ಯೂಟರ್‌ನಲ್ಲಾದರೆ Send ಪಕ್ಕದ ಬಾಣದ ಗುರುತು ಒತ್ತಿದರೆ ಇದೇ ಆಯ್ಕೆ ಸಿಗುತ್ತದೆ. ಇಮೇಲ್ Scheduled ಎಂಬ ಫೋಲ್ಡರ್‌ನಲ್ಲಿ ಕಾಯುತ್ತದೆ. ಆ ಹೊತ್ತಿಗೆ ನಿಮ್ಮ ಫೋನ್ ಆಫ್ ಆಗಿದ್ದರೂ ಅದು ಹೋಗುತ್ತದೆ.

ಎಲ್ಲಿ ಎಡವುತ್ತೇವೆ?

ಮೊದಲನೆಯದು ತಿದ್ದುವಾಗ. ಕಾಯುತ್ತಿರುವ ಇಮೇಲ್ ಬದಲಿಸಲು Cancel send ಒತ್ತಬೇಕು. ಆಗ ಅದು ಮತ್ತೆ ಡ್ರಾಫ್ಟ್ ಆಗುತ್ತದೆ. ತಿದ್ದಿದ ಮೇಲೆ ಮತ್ತೊಮ್ಮೆ ಸಮಯ ಕೊಡಲು ಮರೆತರೆ ಇಮೇಲ್ ಹೋಗುವುದೇ ಇಲ್ಲ. Scheduled ಫೋಲ್ಡರ್‌ನಲ್ಲಿ ಅದು ಕಾಣುತ್ತಿದೆಯೇ ಎಂದು ನೋಡಿಕೊಳ್ಳಿ.

ಎರಡನೆಯದು ಗಡಿಯಾರ. ನೀವು ಕೊಡುವುದು ನಿಮ್ಮ ಊರಿನ ಸಮಯ. ಭಾರತದಲ್ಲಿ ಕೂತು ಸೋಮವಾರ ಬೆಳಿಗ್ಗೆ 9.30 ಎಂದು ಹಾಕಿದರೆ, ಬೇಸಿಗೆಯ ತಿಂಗಳುಗಳಲ್ಲಿ ಅದು ಕ್ಯಾಲಿಫೋರ್ನಿಯಾದಲ್ಲಿರುವ ಸಹೋದ್ಯೋಗಿಗೆ ಭಾನುವಾರ ರಾತ್ರಿ 9 ಗಂಟೆಗೆ ತಲುಪುತ್ತದೆ. ಅವರ ಸೋಮವಾರ ಬೆಳಿಗ್ಗೆ 9.30ಕ್ಕೆ ತಲುಪಬೇಕಾದರೆ ಇಲ್ಲಿ ಸೋಮವಾರ ರಾತ್ರಿ 10 ಗಂಟೆ ಎಂದು ಹಾಕಬೇಕು.

ಮೂರನೆಯದು ಹಳಸಿದ ಮಾಹಿತಿ. ಶನಿವಾರ ಬೇರೆ ಯಾರೋ ಆ ವರದಿ ತಿದ್ದಿ ಮುಗಿಸಿದ್ದರೆ, ಸೋಮವಾರ ನಿಮ್ಮ ಇಮೇಲ್ ಗೊಂದಲ ಹುಟ್ಟಿಸುತ್ತದೆ. ಕಾಯಲು ಬಿಟ್ಟ ಇಮೇಲನ್ನು ಹೋಗುವ ಮೊದಲು ಒಮ್ಮೆ ಓದಿ.

ಈಗಲೇ ಕಳಿಸಬೇಕಾದರೆ?

ಕೆಲವೊಮ್ಮೆ ಸಮಯ ಮುಂದೂಡಲು ಆಗುವುದಿಲ್ಲ. ಆಗ ಒಂದು ಸಾಲು ಸಾಕು. ಅದೇ ಅಧ್ಯಯನದಲ್ಲಿ, ‘ಇದು ತುರ್ತಲ್ಲ, ನಿಧಾನವಾಗಿ ಉತ್ತರಿಸಿ’ ಎಂಬರ್ಥದ ಒಂದು ಸಾಲು ಸೇರಿಸಿದಾಗ ತಪ್ಪು ಊಹೆ ಕಡಿಮೆಯಾಯಿತು. ನೋಟಿಫಿಕೇಶನ್‌ನಲ್ಲಿ ಮೊದಲು ಕಾಣುವುದು ವಿಷಯದ ಸಾಲು. ಹಾಗಾಗಿ ಅಲ್ಲೇ “ಸೋಮವಾರ ನೋಡಿದರೆ ಸಾಕು” ಎಂದು ಬರೆದರೆ, ಅವರು ಇಮೇಲ್ ತೆರೆಯದೆಯೇ ಫೋನ್ ಪಕ್ಕಕ್ಕಿಡಬಹುದು. ನಿಜಕ್ಕೂ ತುರ್ತಿದ್ದರೆ ಫೋನ್ ಮಾಡಿ. ತುರ್ತು ವಿಷಯಕ್ಕೆ ಕರೆ ಬರುತ್ತದೆ ಎಂದು ಗೊತ್ತಿದ್ದರೆ, ಯಾರೂ ರಾತ್ರಿ ಇಮೇಲ್ ಕಾಯುತ್ತಾ ಕೂರಬೇಕಿಲ್ಲ.

ಇದರಿಂದ ಎಲ್ಲ ಸರಿಹೋಗುತ್ತದೆಯೇ?

ಇಲ್ಲ. ಸೋಮವಾರ 9.30ಕ್ಕೆ ಬಂದ ಇಮೇಲ್‌ನಲ್ಲಿ ‘10 ಗಂಟೆಗೆ ವರದಿ ಬೇಕು’ ಎಂದಿದ್ದರೆ, ಮುಂದಿನ ಸಲ ಅವರು ಭಾನುವಾರವೇ ಇನ್‌ಬಾಕ್ಸ್ ನೋಡಲು ಶುರುಮಾಡುತ್ತಾರೆ. ಸಮಯ ಮುಂದೂಡಿದರೆ ಫೋನ್ ಸದ್ದು ಮಾಡುವುದಿಲ್ಲ ಅಷ್ಟೇ. ಗಡುವನ್ನೂ ಅದಕ್ಕೆ ತಕ್ಕಂತೆ ಮುಂದೂಡಬೇಕು.